ಕುರಿಗೆ ಸೂಜಿ ಹಾಕುತ್ತಿದ್ದ ಅಮೋಗಸಿದ್ದ ಮಾಮಾ

ತಿಕೋಂಡಿ ಊರಿನ ಸುತ್ತ ಯಾವ ದಡ್ಡಿಯಲ್ಲಿ, ಅಂದರೆ ಕುರಿ ಕೂಡುವ ಹಟ್ಟಿಯಲ್ಲಿ, ಕುರಿಗೆ ಸೂಜಿ ಹಾಕಬೇಕಾದರೂ ನಮ್ಮ ಅಮೋಗಸಿದ್ದ ಮಾಮಾನನ್ನೇ ಕರೆಯುತ್ತಿದ್ದರು. ನನ್ನ ತಾಯಿಯ ತಮ್ಮ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು, ಅವನು ಸಾಲಿಯ ಬಾಗಿಲನ್ನೇ ನೋಡದವನು. ಆದರೂ ಅವನ ಕೈ ನೋಡಿ ಜನಾವರ ದವಾಖಾನೆಯ ಸಾಹೇಬರೇ ಲಸಿಕೆಯ ಪೆಟ್ಟಿಗೆಯನ್ನು ಅವನ ಮುಂದೆ ಇಟ್ಟು, ತಾವು ಗಿಡದ ನೆರಳಿಗೆ ಕೂಡುತ್ತಿದ್ದರು.

ಲಸಿಕೆ ತೊಗಲಿನ ಕೆಳಗೆ ಹೋಗಬೇಕು. ಮಾಮಾ ಕುರಿಯ ಭುಜದ ಹಿಂದಿನ ತೊಗಲನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು, ಆ ಮಡಿಕೆಯ ಬುಡಕ್ಕೆ ಸೂಜಿಯನ್ನು ಓರೆಯಾಗಿ ತೂರಿಸುತ್ತಿದ್ದ. ಜ್ವರದ ಔಷಧ ಮಾಂಸಕ್ಕೆ ಹೋಗಬೇಕು. ಅದಕ್ಕೆ ಕೊರಳು. ಭುಜಕ್ಕಿಂತ ಸ್ವಲ್ಪ ಮುಂದೆ, ಎಲುಬು ಬಿಟ್ಟು, ನೆಟ್ಟಗೆ. ಹಿಂಗಾಲನ್ನು ಮಾತ್ರ ಅವನು ಯಾವತ್ತೂ ಮುಟ್ಟಲಿಲ್ಲ.

"ಯಾಕ ಮಾಮಾ, ಅಲ್ಲೇ ಮಾಂಸ ಭಾಳ ಅದಲ್ಲ?" ಎಂದು ಒಮ್ಮೆ ಕೇಳಿದ್ದೆ.

"ಹುಚ್ಚಪ್ಯಾಲಿ, ಅಲ್ಲಿ ಗಂಟ ಬಿತ್ತಂದ್ರ ಸಂತ್ಯಾಗ ತೊಡಿ ಹಿಸುಕಿ ನೋಡಿದಾಂವ ಮರಿ ಒಯ್ತಾನೇನು? ನಮ್ಮಪ್ಪ ಹಾಕತಿರಲಿಲ್ಲ, ನಾನೂ ಹಾಕೂದಿಲ್ಲ."

ಕುರಿಯವರೆಲ್ಲ ತಿಳಿದುಕೊಂಡಿದ್ದು ಇದೊಂದೇ ಕಾರಣ. ಹಿಂಗಾಲು ಅಂದರೆ ಮಾರುವ ಮಾಂಸ, ಅದು ಕೆಡಬಾರದು. ಆ ಮಾಂಸದೊಳಗೆ ಬೇರೇನಾದರೂ ಇದೆಯೇ ಎಂದು ನಾವು ಯಾರನ್ನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಮೂರು ವರ್ಷದ ಹಿಂದಿನ ಚಳಿಗಾಲ. ಮಾಮಾನ ಮಗ ಮಹಾಂತ ಹೆಂಡತಿಯ ಸಂಗಡ ಕಬ್ಬು ಕಡಿಯಲು ಹೋಗಿದ್ದ. ಅವರ ಮಗಳು ಕಾಜಲ್, ಆರು ವರ್ಷದ ಕೂಸು, ಅಜ್ಜ ಅಜ್ಜಿಯ ಜೊತೆ ಕುರಿಯ ಹಿಂದೆ ಬಂದಿದ್ದಳು. ನಾನೂ ಅದೇ ಹಿಂಡಿನಲ್ಲಿದ್ದೆ. ಕೂಸಿಗೆ ಜ್ವರ, ಕೆಮ್ಮು ಹತ್ತಿತು. ಡಾಕ್ಟರು ಐದು ದಿನಕ್ಕೆ ಐದು ಇಂಜೆಕ್ಷನ್ ಬರೆದುಕೊಟ್ಟರು. ಮೊದಲಿನ ಎರಡನ್ನು ಸರಕಾರಿ ಉಪಕೇಂದ್ರದ ನರ್ಸ್ ಇಂದುಬಾಯಿ ಹಾಕಿದರು. ಕೂಸನ್ನು ಮಾಮಾನ ಹೆಂಡತಿ, ನಮ್ಮ ಯಲ್ಲವ್ವ ಅತ್ತಿಯ ತೊಡೆಯ ಮೇಲೆ ಕೂರಿಸಿಕೊಂಡು, ಮೊದಲನೇ ದಿನ ಬಲತೊಡೆಗೆ, ಮರುದಿನ ಎಡತೊಡೆಗೆ. ನಡುತೊಡೆಯ ಹೊರಮಗ್ಗುಲಿಗೆ, ಇಂಚು ಉದ್ದದ ಸಣ್ಣ ಸೂಜಿ.

ಮೂರನೇ ದಿನ ನಾವು ಕುರಿ ಕೂಡಿಸಿದ್ದ ಹೊಲದವನು ಜಾಗ ಬಿಟ್ಟು ಏಳಿರಿ ಅಂದ. ಹಿಂಡು ಹನ್ನೆರಡು ಕಿಲೋಮೀಟರ್ ಮುಂದೆ ಬಂದು ಬೀಡುಬಿಟ್ಟಿತು. ಔಷಧದ ಬಾಟಲಿಗಳು ಅತ್ತಿಯ ಚೀಲದಲ್ಲೇ ಇದ್ದವು.

"ಮಲ್ಲೂ, ಗಾಡಿ ಚಾಲೂ ಮಾಡಪಾ. ನರ್ಸಬಾಯಿ ಕಡಿ ಹೋಗಿ ಬರೂನು" ಅಂದಳು ಅತ್ತಿ.

ನಾನು ತಪ್ಪಿಸಿಕೊಂಡ ಎರಡು ಕುರಿ ಹುಡುಕಿ ಆಗಷ್ಟೇ ಬಂದು ಕುಳಿತಿದ್ದೆ. ಮೈಯೆಲ್ಲ ಉರಿಯುತ್ತಿತ್ತು. "ಮನಿಯಾಗ ಡಾಕ್ಟರನ್ನ ಇಟಗೊಂಡು ಊರ ತುಂಬ ತಿರಗತೀರಿ? ಸಾವಿರ ಕುರಿಗೆ ಹಾಕ್ಯಾನ, ಒಂದು ಕೂಸಿಗೆ ಹಾಕೂದಿಲ್ಲೇನು ನಿನ್ನ ಗಂಡ?"

"ನಾ ಕುರಿ ಡಾಕ್ಟರಲೇ" ಎಂದು ಮಾಮಾ ನಕ್ಕ. "ಮನಿಷ್ಯಾರಿಗೆ ಹಾಕಿಲ್ಲ."

"ಕುರಿಗಿಂತ ಮನಿಷ್ಯಾ ಏನ್ ದೊಡ್ಡಾಂವ? ಹಾಕು."

ಹಾಕುವುದು ಎಲ್ಲಿ ಎಂಬ ಮಾತು ಬಂತು. "ತೊಡಿ ಬ್ಯಾಡ ಮುತ್ಯಾ, ಎರಡೂ ನೂಸಾಕತ್ತಾವು" ಎಂದು ಕಾಜಲ್ ಸೂಜಿ ಕಾಣುವ ಮೊದಲೇ ತೊಡೆ ಮುಟ್ಟಿಕೊಂಡು ಅಜ್ಜನ ಮುಂದೆ ಅತ್ತಳು. ಹಾಗಾದರೆ ಕುಂಡಿಗೆ ಹಾಕು, ನಮಗೆಲ್ಲ ಅಲ್ಲೇ ಹಾಕ್ಯಾರ, ಅಂದವನು ನಾನೇ. ಮಾರುವ ಮಾಂಸವಲ್ಲವಲ್ಲ, ಗಂಟು ಬಿದ್ದರೆ ಬೀಳಲಿ.

ಮಾಮಾ ಪುಡಿಗೆ ನೀರು ಕೂಡಿಸಿ ಕರಗಿಸಿದ. ಸಿರಿಂಜು, ಸೂಜಿ ಹೊಸವೇ, ಆದರೆ ಕುರಿಗೆಂದು ತಂದವು. ಸೂಜಿ ಒಂದೂವರೆ ಇಂಚು. ಕೂಸು ನಿಂತೇ ಅತ್ತಿಯ ಕೊರಳಿಗೆ ಜೋತುಬಿತ್ತು, ನಾನು ಎರಡೂ ಕಾಲು ಅಮುಕಿ ಹಿಡಿದೆ. ಅವಳ ಮೈಯಲ್ಲಿ ಮಾಂಸ ಎಲ್ಲಿತ್ತು? ಮಾಮಾ ಬಲಗಡೆಯ ಕುಂಡಿಯ ನಟ್ಟನಡುವೆ, ತುಸು ಕೆಳಗೆ, ಸೂಜಿಯನ್ನು ಬುಡದವರೆಗೂ ಇಳಿಸಿದ.

ಕೂಸು ಚೀರಿತು. ಸೂಜಿಗೆ ಅಳುವ ಅಳು ಅದಲ್ಲ. "ಮುತ್ಯಾ, ಪಾದಕ್ಕ ಬೆಂಕಿ! ಬೆರಳಿಗೆ ಬೆಂಕಿ ಹತ್ತೇತಿ!"

ಚುಚ್ಚಿದ್ದು ಮೇಲೆ, ಉರಿಯುವುದು ಕಾಲ್ಬೆರಳು. ಮಾಮಾನ ಕೈ ನಿಂತಿತು. ಔಷಧ ಇನ್ನೂ ಸಿರಿಂಜಿನಲ್ಲೇ ಇತ್ತು. ಅವನು ನನ್ನ ಮುಖ ನೋಡಿದ.

"ಏನ್ ನೋಡತಿ? ಒತ್ತು ಲಗೂನ!" ಎಂದು ನಾನು ಒದರಿದೆ.

ಅವನು ಒತ್ತಿದ.

ಮುಂಜಾನೆ ಕಾಜಲ್ ಎದ್ದು ನಡೆದರೆ ಬಲಪಾದ ಜೋತುಬಿದ್ದಿತ್ತು. ಬೆರಳಿನ ತುದಿ ಮಣ್ಣು ಗೀರುತ್ತಿತ್ತು. "ಪಾದ ಮ್ಯಾಲ ಎತ್ತವ್ವಾ" ಅಂದರೆ ಮೊಣಕಾಲು ಎತ್ತುತ್ತಿದ್ದಳು, ಪಾದ ಏಳುತ್ತಿರಲಿಲ್ಲ. ಪಾದದ ಮೇಲೆ ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಆಗ ನನ್ನ ಗಾಡಿ ಚಾಲೂ ಆಯಿತು.

ಇಂದುಬಾಯಿ ಕೂಸಿನ ಕಾಲು ನೋಡಿ, ಸೂಜಿ ಎಲ್ಲಿ ಹಾಕಿದಿರಿ ಎಂದು ಕೇಳಿ ತಿಳಿದುಕೊಂಡರು. ಆಮೇಲೆ ಗೋಡೆಯ ಮೇಲೆ ಬೆರಳಿನಿಂದ ಗೀರಿ ತೋರಿಸಿದರು.

"ಕುಂಡಿ ಅಂದ್ರ ನಾಕ ಭಾಗ ಅಂತ ತಿಳೀರಿ. ಒಳಮಗ್ಗಲ, ಕೆಳಗ, ಅಲ್ಲಿಂದ ಹೆಬ್ಬೆರಳಷ್ಟು ದಪ್ಪ ನರ ಇಳದು ಕಾಲಿಗೆ ಹೋಗ್ತದ. ದೊಡ್ಡವರಿಗಾದ್ರೂ ಮ್ಯಾಲಿನ ಹೊರಗಿನ ಭಾಗಕ್ಕ ಹಾಕಬೇಕು, ಮಲಗಿಸಿ. ಇಂಥಾ ಒಣಗಿದ ಕೂಸಿಗೆ ಅದೂ ಬ್ಯಾಡ. ತೊಡಿ ನೂಸಿದ್ರ ನೂಸಲಿ, ಎರಡ ದಿನಕ್ಕ ಹೋಗ್ತದ. ಅದಕ್ಕ ನಾನು ತೊಡಿಗೆ ಹಾಕಿದ್ದು. ಎಷ್ಟು ಉದ್ದ ಸೂಜಿ?"

ಮಾಮಾ ಬೆರಳಿನಲ್ಲಿ ಅಳತೆ ತೋರಿಸಿದ.

"ಚುಚ್ಚಿದಾಗ ಕಾಲಿಗೆ ಏನರೆ ಆತು ಅಂದಳೇನು?"

"ಬೆಂಕಿ ಹತ್ತೇತಿ ಅಂದ್ಳ್ರಿ."

"ಅಷ್ಟಕ್ಕ ಸೂಜಿ ಹೊರಗ ತಗೀಬೇಕಿತ್ತು ಅಣ್ಣಾ. ಔಷಧ ಒತ್ತಬಾರದಿತ್ತು."

ಮಾಮಾ ನನ್ನ ಕಡೆ ತಿರುಗಲಿಲ್ಲ. ತಿರುಗಿ ಎರಡು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಜಗಳವಾಡಿ ಹಗುರಾಗುತ್ತಿದ್ದೆ. ಅವನು ತನ್ನ ಬಲಗೈಯನ್ನೇ ನೋಡುತ್ತ, "ಕುರಿ ಆಗಿದ್ರ ಕೊರಳಿಗೆ ಹಾಕತಿದ್ನಿ" ಅಂದ. ಅಷ್ಟೇ.

ತಿಂಗಳ ಮೇಲೆ ದೊಡ್ಡ ದವಾಖಾನೆಯಲ್ಲಿ ಕಾಲಿಗೆ ಕರೆಂಟು ಹಾಯಿಸಿ ನೋಡಿದರು. ನರ ಭಾಳ ಸುಟ್ಟಿದೆ, ಕಾಯಬೇಕು ಅಂದರು. ಪಾದ ಜೋಲದಂತೆ ಪ್ಲಾಸ್ಟಿಕ್ಕಿನ ಪಟ್ಟಿ ಕೊಟ್ಟರು, ದಿನಾ ಪಾದ ಮಡಚಿ ಬಿಡಿಸುವ ವ್ಯಾಯಾಮ ಹೇಳಿಕೊಟ್ಟರು. ಮಾಮಾ ಎರಡೂ ಹೊತ್ತು ಆ ಪಾದವನ್ನು ಅಂಗೈಯಲ್ಲಿ ಹಿಡಿದು ಮೇಲೆ ಒತ್ತಿದ, ಒಂದು ದಿನವೂ ಬಿಡದೆ. ಬಿಟ್ಟ ಕೂಡಲೇ ಅದು ಕೆಳಗೆ ಬೀಳುತ್ತಿತ್ತು. ಒಂದೂವರೆ ವರ್ಷದ ಮೇಲೆ ಮತ್ತೆ ನೋಡಿದವರು, ಇನ್ನು ತಾನಾಗಿ ಬರುವುದಿಲ್ಲ, ಮುಂದೆ ಒಂದು ಆಪರೇಶನ್ ಮಾಡಿ ಬೇರೆ ಸ್ನಾಯು ಎಳೆದು ಕಟ್ಟಬಹುದು, ಆದರೂ ಮೊದಲಿನ ಕಾಲು ಆಗುವುದಿಲ್ಲ ಅಂದರು.

ಮಹಾಂತ ಅಪ್ಪನ ಜೊತೆ ಮಾತು ಬಿಟ್ಟ. ನನ್ನ ಜೊತೆ ಬಿಡಲಿಲ್ಲ. ಕಾಲು ಹಿಡಿದವನು ಯಾರು, ಒತ್ತು ಅಂದವನು ಯಾರು ಎಂದು ಮಾಮಾ ಅವನಿಗೆ ಹೇಳಲೇ ಇಲ್ಲ. ಹೇಳಲು ನಾನು ಎರಡು ಸಲ ಅವನ ಮನೆಯವರೆಗೂ ಹೋಗಿ, ಚಹಾ ಕುಡಿದು ಬಂದಿದ್ದೇನೆ.

ಮಾಮಾ ಈಗ ಹಿಂಡಿಗೆ ಹೋಗುವುದಿಲ್ಲ. ಕಾಜಲ್ ಸಾಲಿಗೆ ಹೊರಟರೆ ಹತ್ತು ಹೆಜ್ಜೆ ಹಿಂದೆ ತಾನೂ ಹೊರಡುತ್ತಾನೆ. ಮೊಣಕಾಲಿನ ಕೆಳಗೆ ಕಚ್ಚುತ್ತದೆ ಎಂದು ಅವಳು ಪಟ್ಟಿಯನ್ನು ಮನೆಯಲ್ಲೇ ಬಿಟ್ಟು, ಚಪ್ಪಲಿ ಹಾಕಿಕೊಂಡು ಹೋಗುತ್ತಾಳೆ. ಆ ಪಾದಕ್ಕೆ ಸ್ಪರ್ಶವಿಲ್ಲ. ಬಲಗಾಲಿನ ಚಪ್ಪಲಿ ಕಳಚಿ ಬಿದ್ದರೂ ತಿಳಿಯದೆ ಅವಳು ಮುಂದೆ ನಡೆಯುತ್ತಲೇ ಇರುತ್ತಾಳೆ. ಮುದುಕ ಬಗ್ಗಿ ಅದನ್ನು ಎತ್ತಿಕೊಂಡು, ಮಣ್ಣು ಒರೆಸಿ, "ಕಾಜಲ್, ನಿಂದ್ರವ್ವಾ" ಎಂದು ಕೂಗುತ್ತಾನೆ.