ಒಂದನೇ ತಾರೀಖಿನ ಪರೀಕ್ಷಾ ಕಾಲ್

ಜಯತೀರ್ಥರಾಯರ ತುರ್ತು ನಂಬರುಗಳ ಪಟ್ಟಿಯಲ್ಲಿ ನಾನು ಆರನೆಯವನು: ‘ಕಲ್ಯಾಣಪ್ಪ, ಮೆಡಿಕಲ್ ಅಂಗಡಿ, ಮನೆಯ ಎದುರಿಗೆ.’ ಪ್ರತಿ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ನನ್ನ ಫೋನ್ ರಿಂಗಾಗುತ್ತದೆ.

“ಕಲ್ಯಾಣಪ್ಪ, ಪರೀಕ್ಷಾ ಕಾಲ್. ನಂಬರ್ ಚಾಲೂ ಅದ ಅಲ್ಲ?”

ಗೇಟಿಗೆ ಬಂದು ಕೈ ಎತ್ತಿದರೆ ನಾನೇ ಕಾಣುತ್ತೇನೆ. ಆದರೂ ಫೋನೇ ಆಗಬೇಕು. ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು, ನಂಬರಿನ ವಿಷಯದಲ್ಲಿ ಕಣ್ಣನ್ನು ನಂಬುವುದಿಲ್ಲ. ಪೊಲೀಸಿನ ನೂರು, ಅಗ್ನಿಶಾಮಕದ ನೂರಾ ಒಂದು, ಆಂಬುಲೆನ್ಸಿನ ನೂರಾ ಎಂಟಕ್ಕೆ ಮಾತ್ರ ಪರೀಕ್ಷೆ ಮಾಡುವುದಿಲ್ಲ. ಅವು ಬೇರೆಯವರ ಜೀವದ ಲೈನು, ಸುಮ್ಮನೆ ತಡೆಯಬಾರದು ಎನ್ನುತ್ತಾರೆ.

ಹೆಂಡತಿ ತೀರಿಕೊಂಡ ಮೇಲೆ ಕೂಕಟ್‌ಪಲ್ಲಿಯ ಮನೆಯ ಮಹಡಿಯನ್ನು ಅವರು ಹೋಮ್‌ಸ್ಟೇ ಮಾಡಿದರು. ಮೆಟ್ರೊ ಹೊಸದಾಗಿ ಓಡತೊಡಗಿದ ಕಾಲ; ಇಂಟರ್‌ವ್ಯೂಗೆ ಬರುವವರು, ಟ್ರೇನಿಂಗಿಗೆ ಬರುವವರು ಎರಡು ದಿನ, ಮೂರು ದಿನ ಇದ್ದು ಹೋಗುತ್ತಿದ್ದರು. ಬುಕಿಂಗ್ ಆದ ಕೂಡಲೇ ರಾಯರ ಸ್ವಾಗತದ ಮೆಸೇಜು ಹೋಗುತ್ತಿತ್ತು. ಪೂರ್ತಿ ವಿಳಾಸ, ಗುರುತಿಗೆ ನೀರಿನ ಟ್ಯಾಂಕು, ಮಧ್ಯಾಹ್ನ ಹನ್ನೆರಡಕ್ಕೆ ಪ್ರವೇಶ, ಬಿಡುವ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಿರ್ಗಮನ, ಪ್ರತಿಯೊಬ್ಬರ ಗುರುತಿನ ಚೀಟಿಯ ಫೋಟೊ ಮೊದಲೇ ಕಳಿಸಬೇಕು, ಚಪ್ಪಲಿ ಹೊರಗೆ, ಸ್ನಾನವಾದ ಮೇಲೆ ಗೀಸರ್ ಬಂದ್, ಬುಕಿಂಗಿನಲ್ಲಿ ಹೆಸರಿಲ್ಲದವರು ರಾತ್ರಿ ಉಳಿಯುವಂತಿಲ್ಲ. ಕೊನೆಗೆ ಹನ್ನೆರಡು ನಂಬರುಗಳು: ಆಂಬುಲೆನ್ಸ್, ಪೊಲೀಸ್, ಅಗ್ನಿಶಾಮಕದಿಂದ ಹಿಡಿದು ಬಡಗಿ ಬೂದೆಪ್ಪ, ಆಟೊದ ಹುಲಗೇಶನವರೆಗೆ.

ಒಬ್ಬ ಅತಿಥಿ ಮೂರೇ ಸ್ಟಾರ್ ಕೊಟ್ಟು, ‘ಮೆಸೇಜು ಓದಿ ಮುಗಿಸುವಷ್ಟರಲ್ಲಿ ರೂಮು ಬಿಡುವ ಹೊತ್ತಾಯಿತು’ ಎಂದು ಬರೆದ. ಆ್ಯಪ್ ನೋಡಿಕೊಳ್ಳುವ ಮಗಳು ಅಮಿತಾ ಮೆಸೇಜಿಗೆ ಕತ್ತರಿ ಹಾಕಿದಳು. ಉಳಿದದ್ದು ನಾಲ್ಕೇ ನಂಬರು: ನೂರು, ನೂರಾ ಎಂಟು, ಅಪ್ಪನದು, ತನ್ನದು.

“ಬೂದೆಪ್ಪನ್ನ ಯಾಕ ತಗದಿ?”

“ಅಪ್ಪಾ, ಬಡಗಿ ಎಮರ್ಜೆನ್ಸಿ ಹೆಂಗಾಗ್ತಾನ?”

ರಾಯರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಯಾವ ಅತಿಥಿಗೂ ಕಾಣದ ನಂಬರುಗಳಾದರೂ ಪರೀಕ್ಷೆ ಮಾತ್ರ ನಿಲ್ಲಲಿಲ್ಲ. ನಾನು ಬೈದುಕೊಳ್ಳುತ್ತಲೇ ಎತ್ತುತ್ತಿದ್ದೆ.

ಆ ಒಂದನೇ ತಾರೀಖು ಮಹಡಿಯಲ್ಲಿದ್ದವಳು ಸಿಂಧನೂರಿನ ಭಾಗ್ಯಶ್ರೀ. ಮಾದಾಪುರದ ಕಂಪನಿಯಲ್ಲಿ ಹತ್ತು ಗಂಟೆಗೆ ಕೊನೆಯ ಸುತ್ತಿನ ಇಂಟರ್‌ವ್ಯೂ. ಎಂಟಕ್ಕೆ ಹೊರಟರೆ ರೂಮಿನ ಬೀಗ ಕೆಟ್ಟು ನಿಂತಿದೆ, ಬಾಗಿಲು ತೆರೆಯುತ್ತಿಲ್ಲ. ಅಮಿತಾಗೆ ಫೋನ್ ಮಾಡಿದಳು. ಅಮಿತಾಳ ಆಫೀಸಿನಲ್ಲಿ ಮೊಬೈಲನ್ನು ಬಾಗಿಲಲ್ಲೇ ಲಾಕರಿಗೆ ಹಾಕಬೇಕು. ರಾಯರಿಗೆ ಮಾಡಿದಳು: ಬಿಜಿ. ಮತ್ತೆ ಬಿಜಿ. ಹದಿನಾಲ್ಕು ಸಲ ಬಿಜಿ. ಕೆಳಗೆ ರಾಯರು ಒಂದೊಂದೇ ನಂಬರಿಗೆ ಫೋನ್ ಮಾಡಿ, ಚಾಲೂ ಇದೆಯೇ ಎಂದು ವಿಚಾರಿಸುತ್ತ ಕುಳಿತಿದ್ದರು! ಕಾಲ್ ವೇಟಿಂಗ್ ಅವರು ಇಟ್ಟುಕೊಂಡಿಲ್ಲ, ಮಾತಾಡುವವರನ್ನು ಕಾಯಿಸುವುದು ಮರ್ಯಾದೆಯಲ್ಲವಂತೆ. ಅವಳು ಕೂಗಿದ್ದೂ ಕೇಳಿಸಲಿಲ್ಲ. ಒಂದು ಕಿವಿಗೆ ಫೋನು, ಇನ್ನೊಂದು ಕಿವಿ ಹೆಡ್‌ಸೆಟ್ಟಿನ ಸೇವೆಯಲ್ಲೇ ಮಂದವಾಗಿ ಹೋಗಿತ್ತು.

ಎಂಟೂವರೆಗೆ ಅವಳು ನೂರಕ್ಕೆ ಹೊಡೆದಳು. ಮೆಸೇಜಿನ ವಿಳಾಸವನ್ನು ಇದ್ದಂತೆಯೇ ಓದಿದಳು. ನೀರಿನ ಟ್ಯಾಂಕಿನ ಗುರುತು ಹಿಡಿದು ಪೊಲೀಸ್ ಗಾಡಿ ಹತ್ತು ನಿಮಿಷದಲ್ಲಿ ಬಂದು ನಿಂತಿತು. ನಾನು ಅಂಗಡಿ ಬಿಟ್ಟು ಓಡಿದೆ. ರಾಯರು ಕಿವಿಯಲ್ಲಿ ಫೋನಿಟ್ಟುಕೊಂಡೇ ಬಾಗಿಲು ತೆರೆದರು. ವಿಷಯ ತಿಳಿಸಿದ ಕಾನ್‌ಸ್ಟೇಬಲ್, ಬಡಗಿ ಯಾರಾದರೂ ಗೊತ್ತೇ ಎಂದು ತೆಲುಗಿನಲ್ಲಿ ಕೇಳಿದ.

“ಲೈನಿನಾಗೇ ಇದ್ದಾನ್ರೀ,” ಎಂದರು ರಾಯರು. ಫೋನಿಗೆ, “ಬೂದೆಪ್ಪ, ಇದು ಪರೀಕ್ಷಾ ಅಲ್ಲ. ಓಡಿ ಬಾ!”

ಬೂದೆಪ್ಪ ಮೂಲೆ ಮನೆಯವನು. ಎಂಟು ಐವತ್ತಕ್ಕೆ ಬೀಗ ಕಳಚಿತು. ಪಟ್ಟಿಯಲ್ಲಿ ಅವನ ಮುಂದಿನವನಾದ ಹುಲಗೇಶ ಪರೀಕ್ಷಾ ಕಾಲಿಗಾಗಿ ಕಾದೇ ಇದ್ದ. ಕರೆದ ಕೂಡಲೇ ಆಟೊ ತಂದ. ಹುಡುಗಿ ಅಳು ನುಂಗಿಕೊಂಡು ಹತ್ತಿ ಹೋದಳು.

ರಾಯರು ಮೆಟ್ಟಿಲ ಮೇಲೆ ಕುಳಿತರು. “ಊರ ಮಂದಿಗೆಲ್ಲಾ ಲೈನ್ ಕೂಡಿಸಿದೆ ಕಲ್ಯಾಣಪ್ಪ. ಆ ಕೂಸಿಗೆ ನಾನು ಬೇಕಾದಾಗ ನಾನೇ ಬಿಜಿ.” ಕಣ್ಣು ಒದ್ದೆಯಾಗಿದ್ದವು. ಇಷ್ಟು ವರ್ಷ ಬೈದುಕೊಂಡಿದ್ದಕ್ಕೆ ನನಗೆ ನಿಜಕ್ಕೂ ನಾಚಿಕೆಯಾಯಿತು.

ಅಮಿತಾ ಹನ್ನೆರಡೂ ನಂಬರನ್ನು ಮರುದಿನವೇ ಹಾಕಿದಳು. ಹದಿಮೂರನೆಯದಾಗಿ ಒಂದು ಸಾಲು ರಾಯರದೇ: ‘ಒಂದನೇ ತಾರೀಖು ನನ್ನ ಫೋನ್ ಬಿಜಿ ಇದ್ದರೆ ಎದುರಿನ ಕಲ್ಯಾಣಪ್ಪನಿಗೆ ಮಾಡಿ.’ ನನ್ನನ್ನು ಕೇಳಲೂ ಇಲ್ಲ. ಬೀಗ ಹೊಸದಾಯಿತು.

ಮುಂದಿನ ಒಂದನೇ ತಾರೀಖು ನಾನು ರಾಯರ ಜಗುಲಿಯಲ್ಲೇ ಚಹಾ ಕುಡಿಯುತ್ತಿದ್ದೆ. ಅವರು ಮೊದಲ ನಂಬರು ಒತ್ತುವ ಮೊದಲೇ ಅವರ ಫೋನ್ ರಿಂಗಾಯಿತು. ಸ್ಪೀಕರಿನಲ್ಲಿ ಭಾಗ್ಯಶ್ರೀ.

“ಕೆಲಸ ಸಿಕ್ಕೇತ್ರಿ ಕಾಕಾ. ಇಲ್ಲೇ ಹಾಸ್ಟೆಲ್‌ನ್ಯಾಗ ಅದೀನಿ.”

“ಭಾಳ ಛಲೋ ಆತವ್ವಾ. ಏನರ ಬೇಕಾಗಿತ್ತೇನು?”

“ಏನಿಲ್ರಿ. ಪರೀಕ್ಷಾ ಕಾಲ್. ನಿಮ್ಮ ನಂಬರ್ ಹತ್ತತೈತೋ ಇಲ್ಲೋ ಅಂತ ನೋಡಾಕ ಮಾಡೀನಿ. ಪ್ರತಿ ತಿಂಗಳ ಮಾಡ್ತೀನ್ರಿ.”

ರಾಯರು ಸ್ಪೀಕರ್ ಬಂದ್ ಮಾಡಿ ಫೋನನ್ನು ಕಿವಿಗೆ ಇಟ್ಟುಕೊಂಡರು. ಆಮೇಲೆ ಹೇಳಿದರು: “ಚಾಲೂ ಅದವ್ವಾ.”