ಹೆಚ್ಚಿಗೆ ಹಿಡಿದ ಆರು ಜನ

ಮಗಳಿಗೆ ಏಳು ತುಂಬುವ ಹೊತ್ತಿಗೆ ಅವಳ ಕ್ಲಾಸಿನ ಎಲ್ಲರ ಹುಟ್ಟುಹಬ್ಬಕ್ಕೂ ಅವಳು ಹೋಗಿ ಉಂಡು ಬಂದಿದ್ದಳು. ಈ ಸಲ ನಮ್ಮದು ಎಂದು ಹಟ ಹಿಡಿದಳು. ಅವಳ ಆಸೆ ಇದ್ದದ್ದು ಕೇಕಿನ ಮೇಲಲ್ಲ. ಕ್ಲಾಸಿನ ಇಪ್ಪತ್ತೈದು ಮಕ್ಕಳಿಗೂ ತನ್ನ ಕೈಯಾರೆ ರಿಟರ್ನ್ ಗಿಫ್ಟ್ ಕೊಡಬೇಕು, ಅಷ್ಟೇ. ಆಗಲಿ ಅಂದೆ. ಮಾತು ಕೊಟ್ಟ ಮೇಲೆ ಲೆಕ್ಕ ಹಾಕಬೇಕಲ್ಲ.

ಲೆಕ್ಕಕ್ಕೆ ಕೂತಾಗ ಮೊಳಕಾಲ್ಮುರಿನಿಂದ ಅಣ್ಣ ಬಂದಿದ್ದ. ಸೀರೆ ವ್ಯಾಪಾರದವನು, ಚೌಕಾಸಿಯಲ್ಲಿ ಪಳಗಿದವನು. ನಾನು ನೋಡಿಟ್ಟಿದ್ದ ಚಳ್ಳಕೆರೆಯ ಪಾರ್ಟಿ ಹಾಲ್‌ನವನು ಅವನಿಗೆ ಪರಿಚಯ. ಎಂಟು ಸಾವಿರ ಬಾಡಿಗೆ ಹೇಳಿದ್ದನ್ನು ಫೋನಿನಲ್ಲೇ ಆರಕ್ಕೆ ಇಳಿಸಿದ. ಮಕ್ಕಳು ಇಪ್ಪತ್ತೈದು, ದೊಡ್ಡವರು ಇಪ್ಪತ್ತೈದು. ಹೇಳದೆ ಬರುವವರಿಗೆಂದು ಆರು ಎಲೆ ಹೆಚ್ಚಿಗೆ. ಊಟ ತಲೆಗೆ ನೂರೈವತ್ತು. ಕೇಕ್ ನಾಲ್ಕು ಕೇಜಿ, ಬಲೂನು ಅಲಂಕಾರ, ಮ್ಯೂಸಿಕಲ್ ಚೇರ್ ಆಡಿಸುವ ಹುಡುಗಿಗೆ ಮತ್ತು ಬಹುಮಾನಗಳಿಗೆ ಒಂದು ಸಾವಿರ. ಗಿಫ್ಟಿಗೆ ಎಂಬತ್ತು ರೂಪಾಯಿಯ ಸ್ಟೀಲ್ ಡಬ್ಬಿ, ಮಕ್ಕಳ ತಲೆ ಎಣಿಸಿ ಮೇಲೆ ಮೂರು. ಎಲ್ಲ ಕೂಡಿ ಇಪ್ಪತ್ಮೂರು ಸಾವಿರದ ಒಳಗೆ ಬಂತು. ಟೈಲರಿಂಗಿನ ನನ್ನ ದುಡ್ಡಿಗೆ ಅದು ಸರಿಯಾಗಿ ಹೊಂದಿತು.

"ಭಾರಿ ಲೆಕ್ಕದಾಕಿ ಕಣವ್ವ ನೀನು," ಎಂದ ಅಣ್ಣ. "ಬಾಗ್ಲತ್ರ ನಾನ್ ನಿಂತ್ಕಂತೀನಿ. ಬಂದೋರ್ನ ನೋಡ್ಕಂಬೋದು ನಂಗ್ ಬಿಡು."

ನನಗೆ ಎದೆ ತುಂಬಿ ಬಂತು. ಸೋದರಮಾವ ಬಾಗಿಲಲ್ಲಿ ನಿಂತರೆ ಅದೇ ಒಂದು ಶೋಭೆ ಅಂದುಕೊಂಡೆ. ಈಗ ನೆನೆದರೆ ಮೈ ಉರಿಯುತ್ತದೆ.

ಅವತ್ತು ಸಂಜೆ ಕೇಕ್ ಕತ್ತರಿಸುವ ಮೊದಲೇ ಎರಡು ಕಾರು, ಒಂದು ಟಾಟಾ ಏಸ್ ಬಂದು ನಿಂತವು. ಇಳಿದವರಲ್ಲಿ ಒಬ್ಬರನ್ನೂ ನಾನು ಕಂಡಿರಲಿಲ್ಲ. ರೇಷ್ಮೆ ಸೀರೆಯ ಹೆಂಗಸರು, ಶಲ್ಯ ಹೊದ್ದ ಹಿರಿಯರು, ಇಪ್ಪತ್ತರ ಮೇಲೆ ಜನ. ಅಣ್ಣ ಕೈಮುಗಿದು ಒಳಗೆ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ. ಮಕ್ಕಳು ಎದ್ದು ಹಿಂದೆ ಹೋದರು. ಆಟಕ್ಕೆ ಇಟ್ಟ ಕುರ್ಚಿಗಳೂ ಅವರ ಪಾಲಾದವು.

ಹಾಲ್‌ನವನು ನನ್ನ ಹತ್ತಿರ ಬಂದು, "ಅಕ್ಕಾ, ಐವತ್ತಾರು ಅಂದಿದ್ರಿ. ಇನ್ನೊಂದ್ಸಲ ಅನ್ನಕ್ಕಿಡ್ಲಾ? ಮೇಲಿನೆಲೆಗೆ ಬೇರೆ ದುಡ್ಡಾಗ್ತೈತೆ," ಅಂದ. ಇಡು ಅಂದೆ. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಲು ಆಗುತ್ತದೆಯೇ? ಅನ್ನ ಹೆಚ್ಚಿಸಬಹುದು, ಕೇಕ್ ತೆಳ್ಳಗೆ ಕೊಯ್ಯಬಹುದು. ಹೇಗೋ ಸುಧಾರಿಸಿದೆ.

ನಾನು ಬಡಿಸುವ ಕಡೆ ಇದ್ದಾಗ ಆ ಹೆಂಗಸರು ಹೊರಟರು. ನಮ್ಮ ಕಡೆ ಮುತ್ತೈದೆಯರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ, ಕುಂಕುಮ ಕೊಟ್ಟು ತಾಂಬೂಲದ ಚೀಲ ಕೈಗಿಡಬೇಕು. ಅತ್ತಿಗೆ ಕುಂಕುಮ ಹಚ್ಚುತ್ತಿದ್ದಳು. ಅಣ್ಣ ಚೀಲದ ಬದಲು ಟೇಬಲ್ಲಿನ ಮೇಲಿನ ಸ್ಟೀಲ್ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಹಂಚುತ್ತಿದ್ದ. ನಾನು ಓಡಿಬರುವಷ್ಟರಲ್ಲಿ ಅರ್ಧಕ್ಕರ್ಧ ಖಾಲಿಯಾಗಿತ್ತು. ಮಗಳು ಟೇಬಲ್ ಪಕ್ಕ ನಿಂತು ನೋಡುತ್ತಿದ್ದಳು. ಮಾವ ಕೊಡುತ್ತಿದ್ದಾನಲ್ಲ ಎಂದು ಬಾಯಿ ಬಿಟ್ಟಿರಲಿಲ್ಲ.

ಅವರಲ್ಲಿ ಹಿರಿಯಾಕೆ ನನ್ನ ಕೈ ಹಿಡಿದುಕೊಂಡರು. "ಪುಣ್ಯವಂತಿ ನೀನು. ತಂಗಿ ಮಗಳಿಗೆ ಇಷ್ಟು ಖರ್ಚು ಮಾಡೋ ಅಣ್ಣ ಯಾರಿಗ್ ಸಿಗ್ತಾನೆ? ಎಲ್ಲಾ ನಾನೇ ನೋಡ್ಕಂಡಿದೀನಿ, ಮನೆ ಮಂದೆಲ್ಲಾ ಬರ್ರಿ, ಹುಡುಗುನ್ನೂ ನೋಡ್ದಂಗಾಗ್ತೈತೆ ಅಂದ್ರು."

ಆಗ ತಿಳಿಯಿತು. ಅಣ್ಣನ ಮಗನಿಗೆ ಹೆಣ್ಣು ಕೊಡುವವರು ಇವರು. ನನ್ನ ಮಗಳ ಹುಟ್ಟುಹಬ್ಬ ಅವನಿಗೆ ಬೀಗರ ಮುಂದೆ ದೊಡ್ಡವನಾಗುವ ಬಿಟ್ಟಿ ಚಪ್ಪರ. ಒಂದು ಮಾತು ಕೇಳಿದ್ದರೆ ಹೊಟ್ಟೆ ಕಟ್ಟಿಯಾದರೂ ಅವರಿಗೂ ಸೇರಿಸಿ ಮಾಡುತ್ತಿದ್ದೆ. ಕೇಳಲಿಲ್ಲ. ಪಕ್ಕದಲ್ಲೇ ಕೂತು ನನ್ನ ಅಂದಾಜನ್ನೆಲ್ಲ ತಿಳಿದುಕೊಂಡವನೇ ಅದರ ಬುಡಕ್ಕೆ ಕೈ ಹಾಕಿದ.

ಹನ್ನೊಂದು ಮಕ್ಕಳು ಬರಿಗೈಯಲ್ಲಿ ಹೋದರು. ಸೋಮವಾರ ಕೊಡುತ್ತೇನೆ ಎಂದು ಮಗಳು ಒಬ್ಬೊಬ್ಬರಿಗೂ ಬಾಗಿಲಲ್ಲಿ ಹೇಳಿ ಕಳಿಸಿದಳು. "ಅದಕ್ಯಾಕ್ ಮಾರಿ ಸಣ್ದು ಮಾಡ್ಕಂತೀಯಾ? ಡಬ್ಬಿ ತಾನೇ," ಎಂದು ಅಣ್ಣ ನನ್ನ ಬೆನ್ನು ತಟ್ಟಿದ. ಮೇಲಿನ ಎಲೆಗಳ ದುಡ್ಡಿನ ಮಾತು ಅವನ ಬಾಯಿಂದ ಬರಲಿಲ್ಲ. ಬಿಲ್ ಕಟ್ಟಿದ ಮೇಲೆ ನನ್ನ ಹತ್ತಿರ ಆ ಹನ್ನೊಂದು ಡಬ್ಬಿಗೂ ದುಡ್ಡು ಉಳಿದಿರಲಿಲ್ಲ. ಸೋಮವಾರ ಮಗಳು ಹೊಟ್ಟೆನೋವು ಎಂದು ಶಾಲೆಗೆ ಹೋಗಲಿಲ್ಲ.

ವಾರದ ಮೇಲೆ ಆ ಹಿರಿಯಾಕೆ ಫೋನ್ ಮಾಡಿದರು. ಸಂಬಂಧ ಗಟ್ಟಿ ಮಾಡುವ ಮೊದಲು ಒಳಗಿನವರ ಬಾಯಲ್ಲಿ ಒಂದು ಮಾತು ಕೇಳಬೇಕಿತ್ತಂತೆ.

"ಹುಡುಗ ಹೆಂಗವ್ವ? ಮನೆತನ ನಂಬ್ಬೋದಾ?"

"ಹುಡುಗ ಬಂಗಾರದಂಥೋನ್ರಿ. ಕಣ್ಮುಚ್ಚಿ ಕೊಡ್ರಿ," ಅಂದೆ. ಸುಳ್ಳಲ್ಲ, ಅವನು ಒಳ್ಳೆಯವನೇ.

"ಮತ್ತೆ ನಿಮ್ಮಣ್ಣ?"

ಮಗಳು ಅಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದಳು. ತಲೆ ಎತ್ತಿ ನನ್ನನ್ನೇ ನೋಡಿದಳು.

"ಅವನ್ ವಿಷ್ಯ ನನ್ನ ಕೇಳ್ಬೇಡ್ರಿ," ಅಂದೆ.