‘ಬನ್ನಿ’ ಎಂದು ಮುಗಿಸಿದ ಮೇಲ್

ನಿವೃತ್ತಿಯಾದ ಮೇಲೆ ಮೂಡಲಗಿಯ ಒಂದು ಪ್ರೌಢಶಾಲೆಯವರು ನನ್ನನ್ನು ಶಿಕ್ಷಕರ ಆಯ್ಕೆ ಸಮಿತಿಗೆ ಕರೆದರು. ಆ ವರ್ಷ ವಿಜ್ಞಾನ ಶಿಕ್ಷಕರ ಒಂದೇ ಹುದ್ದೆಗೆ ಐವರು ಬಂದು ಒಂದೊಂದು ಪಾಠ ಮಾಡಿ ತೋರಿಸಿದ್ದರು. ಒಬ್ಬರನ್ನು ತೆಗೆದುಕೊಂಡೆವು. ಉಳಿದ ನಾಲ್ವರಿಗೆ ಅದೇ ಸಂಜೆ ತಿಳಿಸಬೇಕೆಂದು ನಾನೇ ಪಟ್ಟು ಹಿಡಿದೆ.

ಮುಖ್ಯಾಧ್ಯಾಪಕಿಯವರ ಕರಡು ಒಂದೇ ಸಾಲು: ‘ನಿಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ.’ ನನಗದು ಒರಟೆನಿಸಿತು. ನಮ್ಮ ಕಡೆ ಬಂದವರಿಗೆ ‘ಹೋಗ್ರಿ’ ಎನ್ನುವುದಿಲ್ಲ, ‘ಹೋಗಿ ಬರ್ರಿ’ ಎನ್ನುತ್ತೇವೆ. ಅದೇ ಮರ್ಯಾದೆಯಲ್ಲಿ ತಿದ್ದಿ ಬರೆದೆ: ‘ನಿಮ್ಮ ಪಾಠ ನಮಗೆಲ್ಲ ಹಿಡಿಸಿತು. ಸದ್ಯಕ್ಕೆ ಕರೆಯಲಾಗುತ್ತಿಲ್ಲ. ಶಾಲೆ ಶುರುವಾದ ಮೇಲೆ ಬನ್ನಿ.’

ಶಾಲೆ ಶುರುವಾದ ದಿನ ನನ್ನನ್ನೂ ಕರೆದಿದ್ದರು. ಆ ನಾಲ್ವರಲ್ಲೊಬ್ಬರು, ಮೇಲವಂಕಿಯ ತರುಣ, ಪ್ರಾರ್ಥನೆಗೆ ಮೊದಲೇ ಆಫೀಸಿಗೆ ಬಂದು ನಿಂತಿದ್ದರು.

“ಯಾವ ಕ್ಲಾಸ್ ಕೊಟ್ಟೀರಿ ಸರ?”

“ನಿಮ್ಮನ್ನ ತಗೊಂಡಿಲ್ಲಲ್ರಿ. ಮೇಲ್ ಕಳಿಸಿದ್ವಲ್ಲ.”

ಅವರು ಫೋನು ತೆಗೆದು ನನ್ನ ಮುಂದೆ ಹಿಡಿದರು. “ಇದರಾಗ ಇಲ್ಲ ಅಂತ ಎಲ್ಲೈತ್ರಿ? ಬನ್ನಿ ಅಂತ ಐತಿ. ಹುಕ್ಕೇರಿ ಸಾಲ್ಯಾಗಿನ ಕೆಲಸ ಬಿಟ್ಟು ಬಂದೇನ್ರಿ.”

ಎರಡು ಸಲ ಓದಿದೆ. ಆಯ್ಕೆ ಮಾಡಿಲ್ಲವೆಂದು ಎಲ್ಲಿಯೂ ಇರಲಿಲ್ಲ. ಕೂಡಲೇ ಹುಕ್ಕೇರಿಯ ಆ ಶಾಲೆಗೆ ಫೋನು ಮಾಡಿದೆ. ಅಲ್ಲಿ ಅವರ ಜಾಗಕ್ಕೆ ಬೇರೆಯವರು ಬಂದಾಗಿತ್ತು. ತರುಣ ಒಂದು ಲೋಟ ನೀರು ಕುಡಿದು, ರೂಢಿಯಂತೆ “ಬರ್ತೇನ್ರಿ ಸರ” ಎಂದರು. ‘ಹೋಗಿ ಬರ್ರಿ’ ಎನ್ನುವ ಬದಲು ಗೇಟಿನ ತನಕ ಅವರ ಜೊತೆ ನಡೆದೆ.

ಇನ್ನೂ ಮೂವರ ಬಳಿ ಅದೇ ಮೇಲ್ ಇತ್ತು. ಮುಖ್ಯಾಧ್ಯಾಪಕಿಯೂ ನಾನೂ ಆಫೀಸಿನಲ್ಲೇ ಬರೆಯಲು ಕುಳಿತೆವು.

“ನಿಮ್ಮ ಸಕ್ಕರಿ ಮಾತು ಸಾಕ್ರಿ,” ಎಂದರು ಮುಖ್ಯಾಧ್ಯಾಪಕಿ. “ಇಲ್ಲ ಅನ್ನೂದು ಮೊದಲನೇ ಸಾಲಿನಾಗ ಬರಲಿ.”

“ಬರಲ್ರಿ. ಆದರ ತಿರಸ್ಕಾರ ಅನ್ನೂ ಶಬ್ದ ಬ್ಯಾಡ.”

ಒಬ್ಬೊಬ್ಬರಿಗೂ ಹೆಸರು ಹಾಕಿ ಬೇರೆಬೇರೆ ಬರೆದೆವು. ಘೋಡಗೇರಿಯ ಅಭ್ಯರ್ಥಿಗೆ ಹೋದದ್ದು ಹೀಗಿತ್ತು: ‘ಈ ಹುದ್ದೆಗೆ ನಿಮ್ಮನ್ನು ಆಯ್ಕೆ ಮಾಡಿಲ್ಲ; ಹುದ್ದೆ ತುಂಬಿದೆ. ಹಿಂದಿನ ಮೇಲ್‌ನಲ್ಲಿ ಇದನ್ನು ಸ್ಪಷ್ಟವಾಗಿ ಹೇಳದಿದ್ದುದು ನಮ್ಮ ತಪ್ಪು, ಕ್ಷಮಿಸಿ. ಗಣಿತವನ್ನೂ ಕಲಿಸಬಲ್ಲವರು ಬೇಕಿದ್ದರು. ನಿಮ್ಮ ಕನ್ನಡಕವನ್ನೇ ತೆಗೆದು ನೀವು ಮಸೂರದ ಪಾಠ ಮಾಡಿದ್ದು ನೆನಪಿದೆ. ದಯವಿಟ್ಟು ನಮಗಾಗಿ ಕಾಯಬೇಡಿ, ಇರುವ ಕೆಲಸ ಬಿಡಬೇಡಿ.’

ಮಧ್ಯಾಹ್ನ ಆಕೆಯ ಉತ್ತರ ಬಂತು. ‘ರಾಜೀನಾಮೆ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಇವತ್ತು ಕೊಡುವವಳಿದ್ದೆ. ಹರಿದುಹಾಕಿದೆ.’

ನಾಲ್ಕನೆಯ ಮೇಲನ್ನು ಮೇಲವಂಕಿಯ ತರುಣನಿಗೆ ಬರೆಯಲು ಕುಳಿತಾಗ ಮುಖ್ಯಾಧ್ಯಾಪಕಿ ತಡೆದರು. “ಅವರಿಗ್ಯಾಕ್ರಿ? ಗೊತ್ತಾಗೈತಲ್ಲ.”

“ನನ್ನ ಕೈಯಿಂದ ಗೊತ್ತಾಗಬೇಕಿತ್ತು,” ಎಂದು ಕಳಿಸಿದೆ.

ಉತ್ತರ ಬರಲಿಲ್ಲ. ನಾನು ಆ ಸಮಿತಿಯನ್ನು ಬಿಟ್ಟು ಬಹಳ ಕಾಲವಾಯಿತು. ಆದರೂ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಮೇಲ್ ತೆರೆದಾಗ ಕಣ್ಣು ಮೊದಲು ಆ ತರುಣನ ಹೆಸರನ್ನು ಹುಡುಕುತ್ತದೆ. ಇಲ್ಲವೆಂದು ಖಾತ್ರಿಯಾದ ಮೇಲೆ, ಇವತ್ತು ಅವರ ಮಾತನ್ನು ಎದುರಿಸಬೇಕಿಲ್ಲವೆಂದು ಒಂದು ಕ್ಷಣ ಹಗುರಾಗುತ್ತೇನೆ. ಹಾಗೆ ಹಗುರಾದದ್ದಕ್ಕೆ ನಾಚಿಕೆಯೂ ಆಗುತ್ತದೆ.